ಎಣಿಸುವ ಮೊದಲು: ಹಿಜಾಬ್ ವಿವಾದದ ಪತ್ರಿಕಾ ವರದಿಗಳನ್ನು ಓದುವ ಕ್ರಮ



ಕೋಮು ವಿವಾದ ಎದ್ದಾಗ ಪತ್ರಿಕೆಗಳು ಹೇಗೆ ನಡೆದುಕೊಂಡವು ಎಂದು ಕೇಳಿದರೆ ನಮ್ಮಲ್ಲಿ ಪ್ರತಿಯೊಬ್ಬರ ಬಳಿಯೂ ಉತ್ತರ ಸಿದ್ಧವಿರುತ್ತದೆ. ಹೊನ್ನಾಳಿ, ನ್ಯಾಮತಿ ಕಡೆಯ ಗೋವಿನಕೋವಿಯ ಯಾವುದೇ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಕೇಳಿನೋಡಿ. ಒಬ್ಬರು ಪತ್ರಿಕೆಗಳೆಲ್ಲ ಒಂದು ಧರ್ಮದವರ ಪರ ಎನ್ನುತ್ತಾರೆ, ಪಕ್ಕದಲ್ಲಿ ಕೂತವರು ಇಲ್ಲ, ಇನ್ನೊಂದು ಧರ್ಮದವರ ಪರ ಎನ್ನುತ್ತಾರೆ. ಇಬ್ಬರ ಮೊಬೈಲಿನಲ್ಲೂ ಅದಕ್ಕೆ ಪುರಾವೆಯಾಗಿ ಪತ್ರಿಕೆಯ ತುಣುಕಿನ ಫೋಟೊ ಇರುತ್ತದೆ. ಎರಡೂ ತುಣುಕು ನಿಜವಾದವೇ, ಯಾರೂ ಸುಳ್ಳು ಮುದ್ರಿಸಿ ತಂದಿಲ್ಲ. ಆದರೂ ಇಬ್ಬರ ಮಾತೂ ರುಜುವಾತಾಗುವುದಿಲ್ಲ, ಏಕೆಂದರೆ ತೀರ್ಮಾನ ಮೊದಲು ಬಂದಿದೆ, ತುಣುಕು ಆಮೇಲೆ ಬಂದಿದೆ. ಪತ್ರಿಕೋದ್ಯಮದ ಸ್ನಾತಕೋತ್ತರ ಪ್ರಬಂಧಗಳಲ್ಲೂ ಇದೇ ಕೆಲಸ ನಡೆಯುತ್ತದೆ, ಅಡಿಟಿಪ್ಪಣಿ ಇರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಇದರಿಂದ ಹೊರಬರುವ ದಾರಿಯ ಹೆಸರು ವಿಷಯ ವಿಶ್ಲೇಷಣೆ. ಬರ್ನಾರ್ಡ್ ಬೆರೆಲ್ಸನ್ 1952ರ ತನ್ನ ಪುಸ್ತಕದಲ್ಲಿ ಈ ವಿಧಾನಕ್ಕೆ ಒಂದು ಶಿಸ್ತು ಕೊಟ್ಟ. ಯಾವ ದಿನದ ಪತ್ರಿಕೆ ಓದಬೇಕು, ಅದರಲ್ಲಿ ಏನನ್ನು ಎಣಿಸಬೇಕು ಎಂಬುದನ್ನು ಓದುವ ಮೊದಲೇ ಬರೆದಿಟ್ಟುಕೊಳ್ಳಬೇಕು. ನಮ್ಮ ಅಭಿಪ್ರಾಯವನ್ನು ಒಪ್ಪದವನ ಕೈಗೆ ಅದೇ ಬರಹವನ್ನು ಕೊಟ್ಟರೆ ಅವನಿಗೂ ಅದೇ ಲೆಕ್ಕ ಸಿಗಬೇಕು. ಇವತ್ತು ನಾನು ಆ ಬರಹ ತಯಾರಾಗುವ ಬಗೆಯನ್ನು ಮಾತ್ರ ಹೇಳುತ್ತೇನೆ. ಯಾವ ಪತ್ರಿಕೆ ತಪ್ಪು ಮಾಡಿತು ಎಂದು ಹೇಳುವುದಿಲ್ಲ.

ಉದಾಹರಣೆಗೆ 2022ರ ಹಿಜಾಬ್ ವಿವಾದವನ್ನು ತೆಗೆದುಕೊಳ್ಳೋಣ. ಅದು ನಮ್ಮ ಸೀಮೆಗೂ ಬಂದಿತ್ತು. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಆರು ವಿದ್ಯಾರ್ಥಿನಿಯರ ವಿಷಯವಾಗಿ ಆರಂಭವಾದದ್ದು ಜನವರಿಯಲ್ಲಿ ಹೆಚ್ಚಾಗಿ ಕರಾವಳಿಯ ಸುದ್ದಿಯಾಗಿತ್ತು. ಫೆಬ್ರುವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. 8ರ ಮಂಗಳವಾರ ಹೈಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿದ್ದಾಗಲೇ ಶಿವಮೊಗ್ಗ, ಹರಿಹರ ಮುಂತಾದ ಕಡೆ ಕಾಲೇಜುಗಳ ಮುಂದೆ ಗಲಾಟೆಯಾಯಿತು. ಹರಿಹರದಲ್ಲಿ ಕಲ್ಲು ಬಿದ್ದವು, ಲಾಠಿ ಬೀಸಲಾಯಿತು, ನಿಷೇಧಾಜ್ಞೆ ಬಂತು. ಅದೇ ದಿನ ಸರ್ಕಾರ ಪ್ರೌಢಶಾಲೆ ಮತ್ತು ಕಾಲೇಜುಗಳಿಗೆ ಮೂರು ದಿನ ರಜೆ ಘೋಷಿಸಿತು. 10ರಂದು ಮೂವರು ನ್ಯಾಯಮೂರ್ತಿಗಳ ಪೂರ್ಣಪೀಠದ ಮಧ್ಯಂತರ ಆದೇಶ, 25ಕ್ಕೆ ವಾದ ಮುಕ್ತಾಯ, ಮಾರ್ಚ್ 15ಕ್ಕೆ ತೀರ್ಪು, 17ಕ್ಕೆ ಬಂದ್. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಬಂದದ್ದು ಅಕ್ಟೋಬರ್ 13ರಂದು.

ಮೊದಲ ಪ್ರಶ್ನೆ: ಯಾವ ಪತ್ರಿಕೆಗಳು? ಪಕ್ಷಪಾತಕ್ಕೆ ಹೆಸರಾದದ್ದನ್ನೇ ತೆಗೆದುಕೊಂಡರೆ ಫಲಿತಾಂಶವನ್ನು ಮೊದಲೇ ಕೊಂಡುಕೊಂಡಂತೆ. ಪ್ರಸಾರ ಸಂಖ್ಯೆಯನ್ನು ಆಧಾರ ಮಾಡಿಕೊಳ್ಳಬಹುದು, ಇಲ್ಲವೇ ಹೊನ್ನಾಳಿ, ನ್ಯಾಮತಿ ಕಡೆಯ ಓದುಗರ ಕೈಗೆ ನಿಜವಾಗಿ ತಲುಪುವುದು ಯಾವುದು ಎಂಬುದನ್ನು ಆಧಾರ ಮಾಡಿಕೊಳ್ಳಬಹುದು. ಎರಡರಲ್ಲಿ ಯಾವುದಾದರೂ ಸರಿ, ಕಾರಣ ಬರೆದಿರಬೇಕು. ನಾನಾದರೆ ರಾಜ್ಯಮಟ್ಟದ ಪ್ರಜಾವಾಣಿ, ವಿಜಯ ಕರ್ನಾಟಕ, ವಿಜಯವಾಣಿ ಮೂರು ಮತ್ತು ದಾವಣಗೆರೆಯಿಂದಲೇ ಬರುವ ಜನತಾವಾಣಿ ಇಟ್ಟುಕೊಳ್ಳುತ್ತೇನೆ.

ಇಲ್ಲಿ ಈ ಕಡೆಯವರಿಗೆ ಮಾತ್ರ ಹೊಳೆಯುವ ತೊಡಕೊಂದಿದೆ. ಹೊನ್ನಾಳಿ, ಚನ್ನಗಿರಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಇವತ್ತಿಗೂ ನ್ಯಾಮತಿಯವರಿಗೆ ಪೇಟೆಯೆಂದರೆ ಶಿವಮೊಗ್ಗ ಹತ್ತಿರ, ದಾವಣಗೆರೆ ದೂರ. ಹಾಗಿರುವಾಗ ಜಿಲ್ಲಾ ಪುಟ ಯಾವುದನ್ನು ಓದಬೇಕು? ಫೆಬ್ರುವರಿ 9ರ ಶಿವಮೊಗ್ಗ ಪುಟದಲ್ಲಿ ಬಾಪೂಜಿನಗರದ ಕಾಲೇಜಿನ ಕೇಸರಿ ಧ್ವಜವೇ ಸುದ್ದಿಯಾದರೆ ದಾವಣಗೆರೆ ಪುಟದಲ್ಲಿ ಹರಿಹರವೇ ಸುದ್ದಿ. ಬೆಂಗಳೂರಿನ ಗ್ರಂಥಾಲಯದಲ್ಲಿ ಕೂತು ಬೆಂಗಳೂರು ಆವೃತ್ತಿ ಓದಿದವರಿಗೆ ಎರಡೂ ಒಳಪುಟದ ಒಂದು ಕಾಲಂ ಆಗಿರಬಹುದು. ಆವೃತ್ತಿಯನ್ನು ಹೆಸರಿಸದೆ ‘ಪ್ರಜಾವಾಣಿ ಹೀಗೆ ಬರೆಯಿತು’ ಎಂದು ಬರೆದ ಪ್ರಬಂಧವನ್ನು ನಾನು ಅಲ್ಲಿಗೇ ಮುಚ್ಚಿಡುತ್ತೇನೆ.

ಎರಡನೆಯದು ದಿನಗಳು. ಹಿಜಾಬ್ ಸುದ್ದಿಯ ಅವಧಿಯನ್ನು 2022ರ ಜನವರಿ 1ರಿಂದ ಮಾರ್ಚ್ 31ರವರೆಗೆ ಎಂದು ಇಟ್ಟುಕೊಂಡರೆ 90 ದಿನ. ನಾಲ್ಕು ಪತ್ರಿಕೆಯ 90 ದಿನವೆಂದರೆ 360 ಸಂಚಿಕೆ. ಒಬ್ಬ ವಿದ್ಯಾರ್ಥಿ ಅಷ್ಟನ್ನೂ ಓದಿ ಮುಗಿಸಲಾರ, ಹಾಗಾಗಿ ಮಾದರಿ ಬೇಕು. ಪುಸ್ತಕಗಳು ಹೇಳುವ ಸಿದ್ಧ ಉಪಾಯ ‘ಕಟ್ಟಿದ ವಾರ’. ಅವಧಿಯಲ್ಲಿರುವ ಎಲ್ಲ ಸೋಮವಾರಗಳನ್ನು ಚೀಟಿ ಮಾಡಿ ಒಂದನ್ನು ಎತ್ತುವುದು, ಹಾಗೆಯೇ ಎಲ್ಲ ಮಂಗಳವಾರಗಳಲ್ಲಿ ಒಂದು, ಹೀಗೆ ಏಳು ದಿನ ಸೇರಿಸಿ ಒಂದು ವಾರ ಕಟ್ಟುವುದು. ಪತ್ರಿಕೆಗೆ ವಾರದ ಲಯವಿದೆ. ಭಾನುವಾರ ಪುರವಣಿ ಬರುತ್ತದೆ, ಸೋಮವಾರ ಕಚೇರಿಗಳ ಸುದ್ದಿ ಕಡಿಮೆ. ಬರೀ ಲಾಟರಿ ಎತ್ತಿದರೆ ಐದು ಭಾನುವಾರ ಬಂದು ಒಂದೂ ಬುಧವಾರ ಬರದೆ ಹೋಗಬಹುದು. ಗೈಡೊ ಸ್ಟೆಂಪೆಲ್ 1952ರಲ್ಲಿ ಒಂದು ದಿನಪತ್ರಿಕೆಯ ಮುಖಪುಟದ ಚಿತ್ರಗಳನ್ನು ಎಣಿಸಿ, 12 ದಿನಗಳ ಮಾದರಿಗಿಂತ ಹೆಚ್ಚು ತೆಗೆದರೂ ದೊಡ್ಡ ಲಾಭವಿಲ್ಲವೆಂದು ಕಂಡುಕೊಂಡ. 1993ರಲ್ಲಿ ಡೇನಿಯಲ್ ರೈಫ್ ಮತ್ತು ಸಂಗಡಿಗರು ವರ್ಷವೊಂದಕ್ಕೆ ಎರಡು ಕಟ್ಟಿದ ವಾರ ಸಾಕೆಂದರು. ನಮ್ಮ ಪ್ರಬಂಧಗಳಲ್ಲಿ ಈ ಮಾತನ್ನು ಮಂತ್ರದಂತೆ ಉದ್ಧರಿಸುತ್ತಾರೆ.

ಆದರೆ ಸ್ಟೆಂಪೆಲ್, ರೈಫ್ ಎಣಿಸಿದ್ದು ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುವ ಸಾಮಗ್ರಿಯನ್ನು. ಕೋಮು ವಿವಾದದ ಸುದ್ದಿ ಹಾಗೆ ಬರುವುದಿಲ್ಲ. ಜನವರಿಯ ಒಂದು ಬುಧವಾರ ಒಂದೂ ಸುದ್ದಿ ಇರಲಿಕ್ಕಿಲ್ಲ, ಫೆಬ್ರುವರಿ 9ರ ಬುಧವಾರ ಪುಟಗಟ್ಟಲೆ ಇರುತ್ತದೆ. 90 ದಿನಕ್ಕೂ ಸೇರಿಸಿ ಎರಡು ವಾರ ಕಟ್ಟಿದರೆ ಒಳಗೆ ಬರುವ ಬುಧವಾರಗಳು ಎರಡು, ಇರುವವು 13. ಫೆಬ್ರುವರಿ 9 ಬಿಟ್ಟುಹೋಗುವ ಸಾಧ್ಯತೆ 13ರಲ್ಲಿ 11. ಅದು ಬಂದರೆ ಒಂದು ಚಿತ್ರ, ಬರದಿದ್ದರೆ ಬೇರೆಯೇ ಚಿತ್ರ. ಚೀಟಿಯ ಮೇಲೆ ಇಷ್ಟು ಭಾರ ಹಾಕಬಾರದು.

ಹಾಗಾಗಿ ಅವಧಿಯನ್ನು ಎರಡು ಪಾಲು ಮಾಡಬೇಕು. ಕಾವೇರಿದ ದಿನಗಳು: ಫೆಬ್ರುವರಿ 6ರ ಭಾನುವಾರದಿಂದ 26ರ ಶನಿವಾರದವರೆಗೆ ಮೂರು ವಾರ, ಮಾರ್ಚ್ 14ರಿಂದ 20ರವರೆಗೆ ತೀರ್ಪು ಬಂದ ಒಂದು ವಾರ, ಒಟ್ಟು 28 ದಿನ. ಇಲ್ಲಿ ಮಾದರಿಯೇ ಬೇಡ, ಎಲ್ಲ ಸಂಚಿಕೆಯನ್ನೂ ಓದಬೇಕು. ಉಳಿದ 62 ದಿನಗಳಲ್ಲಿ ಎರಡು ವಾರ ಕಟ್ಟಬೇಕು. ಕ್ಯಾಲೆಂಡರ್ ಹಿಡಿದು ಎಣಿಸಿದರೆ ಈ 62ರಲ್ಲಿ ಶುಕ್ರವಾರ 8, ಉಳಿದ ಆರು ವಾರಗಳು ತಲಾ 9 ಇವೆ. ಪ್ರತಿಯೊಂದರಿಂದ ಎರಡೆರಡು ಚೀಟಿ ಎತ್ತಿದರೆ 14 ದಿನ. ನಾಲ್ಕು ಪತ್ರಿಕೆಗೆ 42 ದಿನದಂತೆ 168 ಸಂಚಿಕೆ. ಇದು ಒಬ್ಬರಿಂದ ಆಗುವ ಕೆಲಸ. ಕಾವಿನ ದಿನಗಳ ಗಡಿಯನ್ನು ಆದೇಶ, ತೀರ್ಪುಗಳಂಥ ಹೊರಗಿನ ಘಟನೆಗಳ ಮೇಲೆ ಹಾಕಬೇಕು, ಪತ್ರಿಕೆಯಲ್ಲಿ ಸುದ್ದಿ ಜಾಸ್ತಿ ಕಂಡ ದಿನಗಳ ಮೇಲೆ ಅಲ್ಲ. ಚೀಟಿ ಎತ್ತುವಾಗ ಇನ್ನೊಬ್ಬರು ಎದುರಿಗಿರಲಿ. ಬಂದ ತಾರೀಖುಗಳನ್ನು ಬರೆದು ಇಬ್ಬರೂ ಸಹಿ ಮಾಡಲಿ. ರಜೆಯ ಕಾರಣ ಪತ್ರಿಕೆ ಬಾರದ ದಿನ ಸಿಕ್ಕಿದರೆ ಅದೇ ವಾರದ ಇನ್ನೊಂದು ಚೀಟಿ ಎತ್ತಬೇಕೆಂಬ ನಿಯಮವೂ ಮೊದಲೇ ಇರಲಿ.

ಹೀಗೆ ಪಾಲು ಮಾಡಿದವರು ಕೊನೆಗೆ ಎಡವುವುದು ಕೂಡುವಾಗ. ಲೆಕ್ಕ ತೋರಿಸಲು ಒಂದು ಕಲ್ಪಿತ ಉದಾಹರಣೆ ಹಿಡಿಯುತ್ತೇನೆ. ಒಂದು ಪತ್ರಿಕೆಯಲ್ಲಿ ಕಾವಿನ 28 ದಿನಕ್ಕೆ 420 ಸುದ್ದಿ, ಅದರಲ್ಲಿ ವಿದ್ಯಾರ್ಥಿನಿಯರ ಮಾತು ಮೊದಲು ಬಂದವು 21. ತಣ್ಣಗಿನ 14 ದಿನಕ್ಕೆ 28 ಸುದ್ದಿ, ಅದರಲ್ಲಿ ಅಂಥವು 7. ನೇರವಾಗಿ ಕೂಡಿದರೆ 448ರಲ್ಲಿ 28, ಅಂದರೆ ನೂರಕ್ಕೆ ಸುಮಾರು 6. ಆದರೆ ಆ 14 ದಿನ ನಿಂತಿರುವುದು 62 ದಿನಗಳ ಪರವಾಗಿ. ಒಂದೊಂದು ದಿನವೂ ಸರಾಸರಿ 4.43 ದಿನಕ್ಕೆ ಸಮ. ಹಾಗೆ ಗುಣಿಸಿದರೆ 28 ಸುದ್ದಿ 124 ಆಗುತ್ತದೆ, 7 ಸುದ್ದಿ 31 ಆಗುತ್ತದೆ. ಈಗ 544ರಲ್ಲಿ 52, ನೂರಕ್ಕೆ ಒಂಬತ್ತೂವರೆ. ಗುಣಿಸದೆ ಬಿಟ್ಟಿದ್ದರೆ ಪತ್ರಿಕೆಗೆ ಅನ್ಯಾಯವಾಗುತ್ತಿತ್ತು. ಇದಕ್ಕಿಂತ ಮುಖ್ಯವಾದದ್ದು, ಎರಡು ಪಾಲನ್ನು ಬೇರೆಬೇರೆಯಾಗಿ ತೋರಿಸಿದಾಗ ಕಾಣುತ್ತದೆ: ಈ ಲೆಕ್ಕದಲ್ಲಿ ತಣ್ಣಗಿದ್ದಾಗ ನಾಲ್ಕರಲ್ಲೊಂದು ಸುದ್ದಿ ಆ ಹುಡುಗಿಯರಿಂದ ಆರಂಭವಾಗಿದೆ, ಕಾವೇರಿದಾಗ ಇಪ್ಪತ್ತರಲ್ಲೊಂದು. ಸರಾಸರಿಯೊಂದನ್ನೇ ಕೊಟ್ಟರೆ ಇದು ಮುಚ್ಚಿಹೋಗುತ್ತದೆ.

ಇನ್ನು, ಯಾವುದು ‘ಹಿಜಾಬ್ ಸುದ್ದಿ’? ಫೆಬ್ರುವರಿ 20ರ ರಾತ್ರಿ ಶಿವಮೊಗ್ಗದಲ್ಲಿ ಒಬ್ಬ ಯುವಕನ ಕೊಲೆಯಾಯಿತು, ನಗರ ಕರ್ಫ್ಯೂಗೆ ಹೋಯಿತು. ಕೊಲೆಗೂ ಹಿಜಾಬ್ ಗಲಾಟೆಗೂ ನಂಟಿದೆಯೇ ಎಂಬ ಮಾತು ಆ ವಾರವೆಲ್ಲ ಓಡಾಡಿತು. ಆ ಸುದ್ದಿಗಳನ್ನು ಸೇರಿಸಬೇಕೇ, ಬಿಡಬೇಕೇ? ಓದುವವನ ಮನಸ್ಸಿಗೆ ಬಿಟ್ಟರೆ ನಂಟಿದೆ ಎಂದು ನಂಬಿದವನು ಸೇರಿಸುತ್ತಾನೆ, ಇಲ್ಲವೆಂದವನು ಬಿಡುತ್ತಾನೆ. ನಿಯಮ ಹೀಗಿರಲಿ: ಶೀರ್ಷಿಕೆಯಲ್ಲೋ ಮೊದಲ ಎರಡು ಪ್ಯಾರಾದಲ್ಲೋ ಹಿಜಾಬ್, ಬುರ್ಖಾ, ಸ್ಕಾರ್ಫ್, ಶಿರವಸ್ತ್ರ, ಕೇಸರಿ ಶಾಲು ಅಥವಾ ಸಮವಸ್ತ್ರ ವಿವಾದದ ಪ್ರಸ್ತಾಪವಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಆಗ ಕೊಲೆಯ ಎಷ್ಟು ಸುದ್ದಿಗಳನ್ನು ಯಾವ ಪತ್ರಿಕೆ ಹಿಜಾಬಿಗೆ ಗಂಟು ಹಾಕಿತು ಎಂಬುದೇ ಒಂದು ಫಲಿತಾಂಶವಾಗಿ ಸಿಗುತ್ತದೆ. ಇ-ಪೇಪರಿನಲ್ಲಿ ಪದ ಕೊಟ್ಟು ಹುಡುಕುವುದನ್ನು ನಂಬಬೇಡಿ. ಪುಟ ಚಿತ್ರವಾಗಿದ್ದರೆ ಹುಡುಕಾಟಕ್ಕೆ ಸಿಗುವುದೇ ಇಲ್ಲ, ಸಿಕ್ಕರೂ ಕಾಗುಣಿತ ಪತ್ರಿಕೆಗೊಂದು ಥರ. ಪುಟ ತಿರುವಿಯೇ ನೋಡಬೇಕು.

ಈಗ ವರ್ಗಗಳಿಗೆ ಬರೋಣ. ‘ಪರ, ವಿರುದ್ಧ, ತಟಸ್ಥ’ ಎಂಬ ಮೂರು ಡಬ್ಬಿ ಇಟ್ಟುಕೊಂಡು ಹೊರಡುವುದು ನಮ್ಮಲ್ಲಿ ವಾಡಿಕೆ. ಅದು ಕೆಲಸಕ್ಕೆ ಬಾರದು. ಯಾರ ಪರ? ಸಮವಸ್ತ್ರವೂ ಬೇಕು, ಹುಡುಗಿಯರ ಪರೀಕ್ಷೆಯೂ ತಪ್ಪಬಾರದು ಎಂದ ಪ್ರಾಂಶುಪಾಲರ ಹೇಳಿಕೆಯ ಸುದ್ದಿ ಯಾವ ಡಬ್ಬಿಗೆ ಹೋಗುತ್ತದೆ? ಇದರ ಬದಲು ನಾನು ಮೂರು ಸಣ್ಣ ಪ್ರಶ್ನೆ ಕೇಳುತ್ತೇನೆ. ಸುದ್ದಿಯಲ್ಲಿ ಮೊದಲು ಮಾತಾಡಿದವರು ಯಾರು: ಮಂತ್ರಿ ಅಥವಾ ಶಾಸಕ, ಪೊಲೀಸ್, ನ್ಯಾಯಾಲಯ ಅಥವಾ ವಕೀಲ, ಸಂಘಟನೆಯವರು, ಹಿಜಾಬ್ ಧರಿಸುವ ವಿದ್ಯಾರ್ಥಿನಿ, ಬೇರೆ ವಿದ್ಯಾರ್ಥಿಗಳು, ಅಧ್ಯಾಪಕರು, ಪೋಷಕರು, ಯಾರೂ ಇಲ್ಲ. ಎರಡನೆಯದು, ಸುದ್ದಿಯ ಚೌಕಟ್ಟು: ಶಿಸ್ತು, ಧಾರ್ಮಿಕ ಹಕ್ಕು, ಹೆಣ್ಣುಮಕ್ಕಳ ಓದು, ಕಾನೂನು ಸುವ್ಯವಸ್ಥೆ, ಚುನಾವಣಾ ರಾಜಕೀಯ, ಹೊರಗಿನವರ ಪಿತೂರಿ. ಒಂದೇ ಸುದ್ದಿಯಲ್ಲಿ ಎರಡು ಮೂರು ಇರುವುದರಿಂದ ಪ್ರತಿಯೊಂದಕ್ಕೂ ‘ಇದೆ, ಇಲ್ಲ’ ಎಂದಷ್ಟೇ ಗುರುತು ಹಾಕಬೇಕು. ಪ್ರಧಾನ ಯಾವುದು ಎಂದು ಆರಿಸಲು ಹೋದರೆ ಜಗಳ ಅಲ್ಲೇ ಆರಂಭ.

ಮೂರನೆಯದು ಶೀರ್ಷಿಕೆ. ಇದನ್ನು ಒಂದು ಘಟನೆಯ ಮೇಲೆ ತೋರಿಸುತ್ತೇನೆ. ಫೆಬ್ರುವರಿ 8ರಂದು ಶಿವಮೊಗ್ಗದ ಬಾಪೂಜಿನಗರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಿದ್ಯಾರ್ಥಿಯೊಬ್ಬ ಧ್ವಜಸ್ತಂಭ ಏರಿ ಕೇಸರಿ ಧ್ವಜ ಕಟ್ಟಿದ. ವಿಡಿಯೊ ಹರಡಿತು. ರಾಷ್ಟ್ರಧ್ವಜ ಇಳಿಸಿ ಕೇಸರಿ ಹಾರಿಸಿದರು ಎಂದು ಆಗಿನ ಕೆಪಿಸಿಸಿ ಅಧ್ಯಕ್ಷರು ಆರೋಪಿಸಿದರು. ಕಂಬದಲ್ಲಿ ಆಗ ರಾಷ್ಟ್ರಧ್ವಜ ಇರಲಿಲ್ಲ ಎಂದು ಜಿಲ್ಲಾ ಪೊಲೀಸ್ ವರಿಷ್ಠರು ಸ್ಪಷ್ಟಪಡಿಸಿದರು. ಇದಕ್ಕೆ ನಾನೇ ಮಾದರಿಗಾಗಿ ಮೂರು ಶೀರ್ಷಿಕೆ ಕಟ್ಟುತ್ತೇನೆ. ‘ರಾಷ್ಟ್ರಧ್ವಜ ಇಳಿಸಿ ಕೇಸರಿ ಹಾರಿಸಿದರು’ ಎಂಬುದರಲ್ಲಿ ಆರೋಪವೇ ಸಂಗತಿಯಾಗಿದೆ, ಹೇಳಿದವರಿಲ್ಲ. ‘ರಾಷ್ಟ್ರಧ್ವಜ ಇಳಿಸಿದ ಆರೋಪ: ಪೊಲೀಸರ ನಿರಾಕರಣೆ’ ಎಂಬುದರಲ್ಲಿ ಎರಡೂ ಕಡೆಯ ಮಾತು ಹೇಳಿದವರ ತಲೆಗೇ ಇದೆ. ‘ಧ್ವಜ ದಂಗಲ್: ಹೊತ್ತಿ ಉರಿದ ಶಿವಮೊಗ್ಗ’ ಎಂಬುದರಲ್ಲಿ ಸಂಗತಿಯೇ ಇಲ್ಲ, ಬೆಂಕಿ ಮಾತ್ರ ಇದೆ. ಮೂರನ್ನೂ ‘ಪ್ರಚೋದಕವೇ?’ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಆರೋಪಕ್ಕೆ ಹೇಳಿದವರ ಹೆಸರು ಅಥವಾ ‘ಆರೋಪ’ ಎಂಬ ಗುರುತು ಇದೆಯೇ, ಸಮರ, ಕಿಚ್ಚು, ದಂಗಲ್, ಧಗಧಗದಂಥ ಯುದ್ಧದ ಅಥವಾ ಬೆಂಕಿಯ ಮಾತು ಇದೆಯೇ, ಶೀರ್ಷಿಕೆ ಹೇಳಿದ್ದು ಸುದ್ದಿಯ ಒಳಗೆ ಇದೆಯೇ ಎಂದು ಕೇಳಿದರೆ ಉತ್ತರ ಕಣ್ಣಿಗೆ ಕಾಣುತ್ತದೆ. ಕೊನೆಯ ಪ್ರಶ್ನೆ ನನ್ನ ಸ್ವಂತದ್ದಲ್ಲ. ಶೀರ್ಷಿಕೆ ಪ್ರಚೋದಿಸಬಾರದು, ಕೆಳಗಿನ ಸುದ್ದಿಗೆ ಹೊಂದಬೇಕು ಎಂಬುದು ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿಯಲ್ಲೇ ಇದೆ.

ಇದೇ ಥರದ ಇನ್ನೊಂದು ಗುರುತು ಕನ್ನಡದ ವಾಕ್ಯದೊಳಗೇ ಅಡಗಿದೆ. ‘ಕಲ್ಲು ತೂರಾಟ ನಡೆಯಿತು’ ಎಂದರೆ ತೂರಿದವರಿಲ್ಲ. ‘ಅನ್ಯಕೋಮಿನ ಯುವಕರು ಕಲ್ಲು ತೂರಿದರು’ ಎಂದರೆ ಇದ್ದಾರೆ, ಮತ್ತು ಬರೆದವನು ತನ್ನನ್ನು ಯಾವ ಕೋಮಿನಲ್ಲಿ ಇಟ್ಟುಕೊಂಡಿದ್ದಾನೆ ಎಂಬುದೂ ಗೊತ್ತಾಗುತ್ತದೆ. ಹಿಂಸೆಯ ಪ್ರತಿ ಕ್ರಿಯಾಪದಕ್ಕೂ ಕರ್ತೃ ಇದೆಯೇ, ಇದ್ದರೆ ಸಮುದಾಯದ ಹೆಸರೇ, ವಿದ್ಯಾರ್ಥಿಗಳು ಎಂದೇ, ಪೊಲೀಸರು ಎಂದೇ ಎಂದು ಎಣಿಸಿ. ಒಂದು ಸಮುದಾಯದ ಕೃತ್ಯಕ್ಕೆ ಸದಾ ಕರ್ತೃ ಇದ್ದು, ಇನ್ನೊಂದರ ಕೃತ್ಯ ಸದಾ ‘ನಡೆಯಿತು’ ಆಗುತ್ತಿದ್ದರೆ ಅದು ಎಣಿಕೆಯಲ್ಲಿ ತಾನಾಗಿ ಮೇಲೆ ಬರುತ್ತದೆ. ಪಕ್ಷಪಾತವನ್ನು ಹುಡುಕಲು ಕನ್ನಡದಲ್ಲಿ ಇದಕ್ಕಿಂತ ಚೂಪಾದ ಸಾಧನ ನನಗೆ ಗೊತ್ತಿಲ್ಲ.

ಈ ವರ್ಗಗಳು ಗಟ್ಟಿಯಾಗಿವೆಯೇ ಎಂದು ತಿಳಿಯಲು ಇಬ್ಬರು ಬೇರೆಬೇರೆ ಕೂತು, ಒಬ್ಬರದನ್ನೊಬ್ಬರು ನೋಡದೆ, ಅದೇ ಸುದ್ದಿಗಳಿಗೆ ಗುರುತು ಹಾಕಬೇಕು. ‘ನೂರಕ್ಕೆ ತೊಂಬತ್ತು ಹೊಂದಿಕೆಯಾಯಿತು’ ಎಂದು ಹೆಮ್ಮೆಯಿಂದ ಬರೆಯುವವರಿದ್ದಾರೆ. ಅದರಲ್ಲಿ ಎಷ್ಟು ಹುರುಳಿದೆ, ನೋಡೋಣ. ‘ಪ್ರಚೋದಕ ಶೀರ್ಷಿಕೆ’ ಎಂಬ ವರ್ಗಕ್ಕೆ ನೂರು ಶೀರ್ಷಿಕೆ ಕೊಟ್ಟೆವೆನ್ನಿ. ಇಬ್ಬರೂ ತಲಾ 8ಕ್ಕೆ ಹೌದು ಎಂದರು. ಇಬ್ಬರೂ ಒಟ್ಟಿಗೆ ಹೌದು ಎಂದದ್ದು 3ಕ್ಕೆ, ಒಟ್ಟಿಗೆ ಇಲ್ಲ ಎಂದದ್ದು 87ಕ್ಕೆ, ಭಿನ್ನವಾದದ್ದು 10ಕ್ಕೆ. ಹೊಂದಿಕೆ 90. ಆದರೆ ಬಹುಪಾಲು ಶೀರ್ಷಿಕೆಗಳಿಗೆ ಇಲ್ಲ ಎನ್ನುವುದೇ ಆದರೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸುಮಾರು 85 ಹೊಂದುತ್ತವೆ. ಈ ಆಕಸ್ಮಿಕವನ್ನು ಕಳೆಯುವ ಅಳತೆ ಕ್ಲಾಸ್ ಕ್ರಿಪನ್‌ಡಾರ್ಫ್ ಕೊಟ್ಟ ಆಲ್ಫಾ:

```
α = 1 − (Do / De)
```

Do ಎಂದರೆ ಕಂಡ ಭಿನ್ನತೆ, ಇಲ್ಲಿ 0.10. De ಎಂದರೆ ಆಕಸ್ಮಿಕವಾಗಿ ಬರಬಹುದಾದ ಭಿನ್ನತೆ, ಇಲ್ಲಿ ಸುಮಾರು 0.148. ಆಲ್ಫಾ 0.32. ಕ್ರಿಪನ್‌ಡಾರ್ಫ್ ಕೇಳುವುದು 0.80. ಬಹಳ ಎಚ್ಚರಿಕೆಯಿಂದ ಮಾತಾಡುವುದಾದರೆ 0.667ರವರೆಗೆ ಒಪ್ಪಬಹುದು. 0.32 ಬಂದ ವರ್ಗವನ್ನು ಎಸೆಯಬೇಕು, ಇಲ್ಲವೇ ಮೇಲೆ ಹೇಳಿದಂತೆ ಕಣ್ಣಿಗೆ ಕಾಣುವ ಪ್ರಶ್ನೆಗಳಾಗಿ ಒಡೆಯಬೇಕು. ಈ ಒಡೆಯುವ ಅಭ್ಯಾಸವನ್ನು ಮಾದರಿಯ ಹೊರಗಿನ ಸುದ್ದಿಗಳ ಮೇಲೆ ಮಾಡಿಕೊಳ್ಳಿ. 2022ರ ಅಕ್ಟೋಬರ್ 14ರ, ಅಂದರೆ ಸುಪ್ರೀಂ ಕೋರ್ಟ್ ತೀರ್ಪಿನ ಮರುದಿನದ, ಪತ್ರಿಕೆಗಳು ಅದಕ್ಕೆ ಚೆನ್ನಾಗಿ ಒದಗುತ್ತವೆ.

ಗುರುತು ಹಾಕುವ ಇಬ್ಬರೂ ಒಂದೇ ಧರ್ಮದವರು, ಒಂದೇ ಹಾಸ್ಟೆಲಿನವರು, ಒಂದೇ ಪಕ್ಷದ ಒಲವಿನವರು ಆದರೆ ಆಲ್ಫಾ 0.95 ಬಂದರೂ ಅದು ಇಬ್ಬರೂ ಹಂಚಿಕೊಂಡ ಕುರುಡು ಇರಬಹುದು. ಹೊನ್ನಾಳಿ, ನ್ಯಾಮತಿಗಳಲ್ಲಿ ಒಬ್ಬ ಹಿಂದೂ, ಒಬ್ಬ ಮುಸ್ಲಿಂ ವಿದ್ಯಾರ್ಥಿ ಸಿಗುವುದು ಕಷ್ಟವಲ್ಲ. ಅವರಿಗೆ ಪತ್ರಿಕೆಯ ಹೆಸರು ಕಾಣದಂತೆ ಸುದ್ದಿಯನ್ನು ಬೇರೆ ಹಾಳೆಯಲ್ಲಿ ಟೈಪ್ ಮಾಡಿ ಕೊಡಿ. ಬರೀ ಕತ್ತರಿಸಿ ಕೊಟ್ಟರೆ ಅಕ್ಷರದ ಮಾದರಿ ನೋಡಿಯೇ ಇದು ಯಾವ ಪತ್ರಿಕೆ ಎಂದು ಹೇಳುವ ಓದುಗರು ನಮ್ಮಲ್ಲಿದ್ದಾರೆ.

ಇಷ್ಟೆಲ್ಲ ಮಾಡಿದ ಮೇಲೂ ಹೇಳಬಾರದ ಮಾತುಗಳಿವೆ. ಪತ್ರಿಕೆ ಹೀಗೆ ಬರೆದದ್ದರಿಂದ ಹರಿಹರದಲ್ಲಿ ಕಲ್ಲು ಬಿತ್ತು ಎನ್ನಲಾಗದು. ಮುದ್ರಣವಾದದ್ದನ್ನು ಎಣಿಸಿದ್ದೇವೆಯೇ ಹೊರತು ಓದಿದವರ ಮನಸ್ಸನ್ನಲ್ಲ. ಸಂಪಾದಕರ ಉದ್ದೇಶ ಇದು ಎನ್ನಲೂ ಆಗದು. ವಿದ್ಯಾರ್ಥಿನಿಯರ ಮಾತು ಕಡಿಮೆ ಇದ್ದರೆ ವರದಿಗಾರ ಕೇಳಲಿಲ್ಲವೋ, ಮನೆಯವರು ಬೇಡವೆಂದರೋ, ಕಾಲೇಜಿನ ಗೇಟು ಮುಚ್ಚಿತ್ತೋ ಎಂಬುದು ಪುಟದಲ್ಲಿ ಇರುವುದಿಲ್ಲ. ಅದಕ್ಕೆ ವರದಿಗಾರರನ್ನೇ ಹೋಗಿ ಕೇಳಬೇಕು. ಟಿವಿಯ ಬಗ್ಗೆಯೂ ಈ ಲೆಕ್ಕ ಏನನ್ನೂ ಹೇಳದು. ಸುದ್ದಿವಾಹಿನಿಗಳ ಸ್ವಯಂನಿಯಂತ್ರಣ ಪ್ರಾಧಿಕಾರವು 2022ರ ಏಪ್ರಿಲ್ 6ರ ಹಿಜಾಬ್ ಚರ್ಚೆಗಾಗಿ ನ್ಯೂಸ್18 ಇಂಡಿಯಾಗೆ 50,000 ರೂಪಾಯಿ ದಂಡ ಹಾಕಿತು. ಅದು ಒಂದು ಕಾರ್ಯಕ್ರಮದ ಮೇಲಿನ ತೀರ್ಪು. ಅದನ್ನಿಟ್ಟುಕೊಂಡು ವಾಹಿನಿಯ ಇಡೀ ವರ್ಷವನ್ನು ಅಳೆದರೆ ಚಹಾ ಅಂಗಡಿಯ ಮೊಬೈಲ್ ಫೋಟೊಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಹಳೆಯ ಪತ್ರಿಕೆಗಳು ಗ್ರಂಥಾಲಯಗಳಿಂದಲೂ ಮನೆಗಳಿಂದಲೂ ರದ್ದಿಗೆ ಹೋಗುತ್ತವೆ, ಜಿಲ್ಲಾ ಪುಟಗಳಂತೂ ಬೇರೆಡೆ ಸಿಗುವುದು ಕಷ್ಟ. 2022ರ ಜನವರಿಯಿಂದ ಮಾರ್ಚ್‌ವರೆಗಿನ ಶಿವಮೊಗ್ಗ ಅಥವಾ ದಾವಣಗೆರೆ ಆವೃತ್ತಿಯ ಪತ್ರಿಕೆಗಳು ನಿಮ್ಮ ಮನೆಯ ಅಟ್ಟದಲ್ಲೋ, ಊರಿನ ಗ್ರಂಥಾಲಯದ ಮೂಲೆಯಲ್ಲೋ ಇದ್ದರೆ ತೂಕಕ್ಕೆ ಹಾಕಬೇಡಿ. ತಾರೀಖಿನ ಪ್ರಕಾರ ಜೋಡಿಸಿ, ಇಷ್ಟವಾದ ದಿನದ್ದನ್ನು ಮಾತ್ರ ಆರಿಸದೆ ಇಡೀ ಕಟ್ಟನ್ನು ಹತ್ತಿರದ ಕಾಲೇಜಿಗೆ ಕೊಡಿ.